ಕೆರೆಯಂಚಿನಲ್ಲಿ ಹಿಮ

ಕೋಲಾರದಲ್ಲಿ ಹಿಮ ಬೀಳುವುದಿಲ್ಲ. ಆದರೂ ಆ ಜಿಲ್ಲೆಯ ಕೆರೆಗಳ ಅಂಚಿನಲ್ಲಿ ಹಿಮವನ್ನೂ, ಅದರ ಪಕ್ಕದಲ್ಲೇ ಒಂದು ಪಟ್ಟಣವನ್ನೂ, ಎರಡರ ನಡುವೆ ಬರಡು ನೆಲವನ್ನೂ ತೋರಿಸುವ ನಕ್ಷೆಯನ್ನು ಯಾರು ಬೇಕಾದರೂ ಐದು ನಿಮಿಷದಲ್ಲಿ ತಯಾರಿಸಬಹುದು. ಉಪಗ್ರಹ ತಪ್ಪು ಮಾಡಬೇಕಾಗಿಲ್ಲ, ಕಂಪ್ಯೂಟರ್ ಕೆಡಬೇಕಾಗಿಲ್ಲ. ನಕ್ಷೆಯ ರೆಸಲ್ಯೂಷನ್ ಬದಲಿಸುವಾಗ ಒಂದು ಆಯ್ಕೆ ತಪ್ಪಿದರೆ ಸಾಕು.

ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಹೊರತಂದಿರುವ ವರ್ಲ್ಡ್‌ಕವರ್ ಎಂಬ ನಕ್ಷೆಯನ್ನೇ ತೆಗೆದುಕೊಳ್ಳೋಣ. ಸೆಂಟಿನೆಲ್-1 ಮತ್ತು ಸೆಂಟಿನೆಲ್-2 ಉಪಗ್ರಹಗಳ ದತ್ತಾಂಶದಿಂದ ತಯಾರಾದ ಈ ನಕ್ಷೆ ಇಡೀ ಜಗತ್ತಿನ ನೆಲವನ್ನು ಸುಮಾರು ಹತ್ತು ಮೀಟರಿನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಮೇಲೆ ಏನಿದೆ ಎಂದು ಹೇಳುತ್ತದೆ. 2020 ಮತ್ತು 2021ರ ಎರಡು ಆವೃತ್ತಿಗಳು ಉಚಿತವಾಗಿ ಸಿಗುತ್ತವೆ. ಹೀಗೆ ಚೌಕಗಳಲ್ಲಿ ಸಂಖ್ಯೆ ತುಂಬಿಟ್ಟ ನಕ್ಷೆಗೆ ರಾಸ್ಟರ್ ಎನ್ನುತ್ತಾರೆ, ಒಂದೊಂದು ಚೌಕಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಫೈಲಿನೊಳಗೆ 'ಮರ', 'ಹೊಲ', 'ನೀರು' ಎಂಬ ಪದಗಳಿರುವುದಿಲ್ಲ, ಬರೀ ಅಂಕಿಗಳಿರುತ್ತವೆ. ವರ್ಲ್ಡ್‌ಕವರ್‌ನಲ್ಲಿ ಮರಗಳ ಹೊದಿಕೆಗೆ 10, ಕುರುಚಲಿಗೆ 20, ಹುಲ್ಲುಗಾವಲಿಗೆ 30, ಬೇಸಾಯದ ನೆಲಕ್ಕೆ 40, ಕಟ್ಟಡ ಪ್ರದೇಶಕ್ಕೆ 50, ಬರಡು ನೆಲಕ್ಕೆ 60, ಹಿಮಕ್ಕೆ 70, ಕಾಯಂ ನೀರಿಗೆ 80. ಇವಲ್ಲದೆ ಜೌಗು, ಕಾಂಡ್ಲಾ, ಪಾಚಿಗಳಿಗೂ ಅಂಕಿಗಳಿವೆ. ಒಟ್ಟು ಹನ್ನೊಂದು ವರ್ಗ. ವರ್ಷದಲ್ಲಿ ಒಂಬತ್ತು ತಿಂಗಳಿಗಿಂತ ಹೆಚ್ಚು ಕಾಲ ನೀರು ನಿಂತ ಜಾಗಕ್ಕೆ ಮಾತ್ರ 80 ಸಲ್ಲುತ್ತದೆ. ಬೇಸಿಗೆಗೆ ಮುಂಚೆಯೇ ಬತ್ತುವ ಕೆರೆಗಳಿಗೆ ಅದು ಸಿಗುವುದು ಕಷ್ಟ.

ಇಷ್ಟು ನುಣುಪಾದ ನಕ್ಷೆ ಇರುವಾಗ ಅದನ್ನು ದೊರಗು ಮಾಡುವುದೇಕೆ? ಕೆಲಸಕ್ಕೆ ಬೇಕಾಗುವ ಬೇರೆ ನಕ್ಷೆಗಳ ಚೌಕ ಅಷ್ಟು ಸಣ್ಣದಿರುವುದಿಲ್ಲ, ಅದಕ್ಕೆ. ಮಳೆ ಬಂದಾಗ ಒಂದು ಕೆರೆಗೆ ಎಷ್ಟು ನೀರು ಹರಿದುಬರುತ್ತದೆ ಎಂದು ಲೆಕ್ಕ ಹಾಕಬೇಕು ಎನ್ನಿ. ನೆಲದ ಎತ್ತರದ ನಕ್ಷೆ ಬೇಕು. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಅಳೆದುಕೊಟ್ಟ ಎತ್ತರದ ನಕ್ಷೆ ಸುಮಾರು ಮೂವತ್ತು ಮೀಟರ್ ಚೌಕದ್ದು. ಎರಡನ್ನೂ ಒಂದರ ಮೇಲೊಂದು ಇಟ್ಟು ಲೆಕ್ಕ ಮಾಡಬೇಕಾದರೆ ಎರಡರ ಚೌಕಗಳೂ ಒಂದೇ ಅಳತೆಯಲ್ಲಿ, ಒಂದೇ ಗೆರೆಯಲ್ಲಿ ಕೂರಬೇಕು. ಹಳೆಯ ಚೌಕಗಳ ಬೆಲೆಗಳಿಂದ ಹೊಸ ಚೌಕಗಳ ಬೆಲೆ ನಿರ್ಧರಿಸುವ ಈ ಕೆಲಸಕ್ಕೆ ರೀಸ್ಯಾಂಪ್ಲಿಂಗ್ ಎಂದು ಹೆಸರು.

ಈಗ ಕೋಲಾರದ ಕಡೆಯ ಒಂದು ಕೆರೆಗೆ ಬರೋಣ. ಸುತ್ತ ಹೊಲ, ನಡುವೆ ನೀರು. ಲೆಕ್ಕ ಸುಲಭವಾಗಲೆಂದು ಹತ್ತು ಮೀಟರಿನ ನಕ್ಷೆಯನ್ನು ಇಪ್ಪತ್ತು ಮೀಟರಿಗೆ ತರುತ್ತೇವೆ. ಅಂದರೆ ನಾಲ್ಕು ಹಳೆಯ ಚೌಕಗಳ ಜಾಗದಲ್ಲಿ ಒಂದು ಹೊಸ ಚೌಕ. ಕೆರೆಯ ನಡುವೆ ನಾಲ್ಕೂ 80, ಸರಾಸರಿ 80. ಹೊಲದ ನಡುವೆ ನಾಲ್ಕೂ 40, ಸರಾಸರಿ 40. ಇಲ್ಲಿ ಏನೂ ತಕರಾರಿಲ್ಲ. ತಕರಾರು ಇರುವುದು ಅಂಚಿನಲ್ಲಿ. ನಾಲ್ಕರಲ್ಲಿ ಮೂರು ನೀರು, ಒಂದು ಹೊಲ ಎಂದಾದರೆ ಮೂರು ಎಂಬತ್ತು ಮತ್ತು ಒಂದು ನಲವತ್ತು ಕೂಡಿ 280, ನಾಲ್ಕರಿಂದ ಭಾಗಿಸಿದರೆ 70. ಎಪ್ಪತ್ತೆಂದರೆ ಹಿಮ. ಎರಡು ನೀರು, ಎರಡು ಹೊಲವಾದರೆ ಸರಾಸರಿ 60, ಅಂದರೆ ಬರಡು ನೆಲ. ಒಂದು ನೀರು, ಮೂರು ಹೊಲವಾದರೆ ಮೊತ್ತ 200, ಸರಾಸರಿ 50. ಅದು ಕಟ್ಟಡ ಪ್ರದೇಶ.

ಒಂದು ಕಿಲೋಮೀಟರ್ ಅಡ್ಡಗಲದ ದುಂಡನೆಯ ಕೆರೆಗೆ ಕೈಲೆಕ್ಕ ಮಾಡಿದರೆ, ಹೊಲವೂ ನೀರೂ ಬೆರೆತ ಇಂಥ ಇಪ್ಪತ್ತು ಮೀಟರ್ ಚೌಕಗಳು ಅಂಚಿನುದ್ದಕ್ಕೂ ಸುಮಾರು ನೂರು ಸಿಗುತ್ತವೆ. ಪ್ರತಿಯೊಂದೂ ನಾನೂರು ಚದರ ಮೀಟರ್. ಎಲ್ಲ ಸೇರಿ ನಾಲ್ಕು ಹೆಕ್ಟೇರ್, ಹೆಚ್ಚುಕಮ್ಮಿ ಹತ್ತು ಎಕರೆ. ಅಷ್ಟೂ ನೆಲ ಹಿಮ, ಬರಡು, ಕಟ್ಟಡ ಎಂಬ ಮೂರು ಸುಳ್ಳು ಹೆಸರುಗಳಲ್ಲಿ ಹಂಚಿಹೋಗುತ್ತದೆ. ಹರಿಯುವ ನೀರಿನ ಲೆಕ್ಕ ನೆಲದ ವರ್ಗವನ್ನು ನೋಡಿಯೇ ನಡೆಯುತ್ತದೆ. ಸಿಮೆಂಟು ನೆಲ ಮಳೆನೀರನ್ನು ಬಹುಪಾಲು ಹೊರಗೆ ಹರಿಸುತ್ತದೆ, ಉತ್ತ ಹೊಲ ಬಹಳಷ್ಟನ್ನು ಹೀರುತ್ತದೆ. ಇಲ್ಲದ ಪಟ್ಟಣ ಕೆರೆಯ ಸುತ್ತ ಉಂಗುರದಂತೆ ಎದ್ದರೆ ಲೆಕ್ಕದಲ್ಲಿ ಕೆರೆಗೆ ಬರುವ ನೀರೂ ಬೇರೆಯಾಗುತ್ತದೆ.

ಈ ನಕ್ಷೆಯಲ್ಲಿ 40, 80 ಎಂಬುವು ಅಳತೆಗಳಲ್ಲ, ಹೆಸರಿನ ಬದಲು ಬರೆದ ಗುರುತುಗಳು. ಪಿನ್‌ಕೋಡ್‌ನ ಹಾಗೆ. ಬೆಂಗಳೂರಿನ 560001ನ್ನೂ ಮೈಸೂರಿನ 570001ನ್ನೂ ಕೂಡಿ ಎರಡರಿಂದ ಭಾಗಿಸಿದರೆ 565001 ಬರುತ್ತದೆ. ಆದರೆ ಆ ಎರಡು ಊರುಗಳ ನಡುವೆ ಇರುವ ಮಂಡ್ಯದ ಪಿನ್‌ಕೋಡ್ 571401, ಎರಡಕ್ಕಿಂತಲೂ ದೊಡ್ಡದು. ಹೊಲ ಮತ್ತು ನೀರಿನ ನಡುವೆ ಹಿಮ ಬರುವುದೂ ಇದೇ ಬಗೆಯ ಭಾಗಾಕಾರದಿಂದ. ಹಿಮಕ್ಕೆ 70 ಬದಲು 7 ಎಂದೋ 700 ಎಂದೋ ಕೊಟ್ಟಿದ್ದರೆ ಬೇರೊಂದು ವಿಚಿತ್ರ ಹುಟ್ಟುತ್ತಿತ್ತು.

ಸರಾಸರಿಯೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ಎತ್ತರದ ನಕ್ಷೆಯಲ್ಲಿ ಒಂದು ಚೌಕ 850 ಮೀಟರ್, ಪಕ್ಕದ್ದು 860 ಮೀಟರ್ ಇದ್ದರೆ ಎರಡರ ನಡುವೆ ಎಲ್ಲೋ 855 ಮೀಟರ್ ಎತ್ತರದ ನೆಲ ಇದ್ದೇ ಇರುತ್ತದೆ. ಉಷ್ಣಾಂಶ, ಮಳೆಯ ಪ್ರಮಾಣ, ಮಣ್ಣಿನ ತೇವ ಇವೆಲ್ಲ ಹಾಗೆಯೇ. ಇವಕ್ಕಾಗಿಯೇ ಬೈಲೀನಿಯರ್ ಮತ್ತು ಕ್ಯೂಬಿಕ್ ಎಂಬ ವಿಧಾನಗಳಿವೆ. ಹೊಸ ಚೌಕದ ನಡುಬಿಂದು ಹಳೆಯ ನಕ್ಷೆಯಲ್ಲಿ ಎಲ್ಲಿ ಬೀಳುತ್ತದೆಂದು ನೋಡಿ, ಬೈಲೀನಿಯರ್ ಅದರ ಸುತ್ತಲಿನ ನಾಲ್ಕು ಚೌಕಗಳಿಗೆ ದೂರಕ್ಕೆ ತಕ್ಕ ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಕ್ಯೂಬಿಕ್ ಹದಿನಾರು ಚೌಕಗಳನ್ನು ನೋಡುತ್ತದೆ, ಗೆರೆಗಳನ್ನು ಇನ್ನಷ್ಟು ನಯ ಮಾಡುತ್ತದೆ. ಕೆಲವೊಮ್ಮೆ ಅತಿ ನಯದ ಭರದಲ್ಲಿ ಮೂಲದಲ್ಲಿದ್ದ ಗರಿಷ್ಠಕ್ಕಿಂತ ಹೆಚ್ಚಿನ ಬೆಲೆಯನ್ನೂ ಕೊಟ್ಟುಬಿಡುತ್ತದೆ. ಎತ್ತರದ ನಕ್ಷೆಗೆ ಇವನ್ನು ಬಿಟ್ಟು ನಿಯರೆಸ್ಟ್ ನೇಬರ್ ಬಳಸಿದರೆ ಇಳಿಜಾರು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅಲ್ಲಿ ತಪ್ಪು ಅದರದ್ದೇ.

ಅಂಕಿಯಲ್ಲಿ ಅಳತೆಯಂತೆ ಕಂಡರೂ ಸರಾಸರಿಗೆ ಒಗ್ಗದ ನಕ್ಷೆಗಳೂ ಇವೆ. ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು 0ಯಿಂದ 360 ಡಿಗ್ರಿಯಲ್ಲಿ ಬರೆದ ನಕ್ಷೆಯಲ್ಲಿ 350 ಮತ್ತು 10 ಎರಡೂ ಉತ್ತರಕ್ಕೆ ಹತ್ತಿರ. ಅವುಗಳ ಸರಾಸರಿ 180, ನೇರ ದಕ್ಷಿಣ! ಅದಕ್ಕೇ ಬಲ್ಲವರು ಮೊದಲು ಎತ್ತರದ ನಕ್ಷೆಯ ರೆಸಲ್ಯೂಷನ್ ಬದಲಿಸಿ, ಆಮೇಲೆ ಅದರಿಂದ ದಿಕ್ಕನ್ನು ಲೆಕ್ಕ ಮಾಡುತ್ತಾರೆ.

ನಿಯರೆಸ್ಟ್ ನೇಬರ್ ಮಾಡುವ ಕೆಲಸ ಬಹಳ ಸರಳ. ಹೊಸ ಚೌಕದ ನಡುಬಿಂದು ಯಾವ ಹಳೆಯ ಚೌಕದೊಳಗೆ ಬೀಳುತ್ತದೋ ಅದರ ಅಂಕಿಯನ್ನು ಹಾಗೇ ಎತ್ತಿಕೊಳ್ಳುತ್ತದೆ. ಕೂಡುವುದಿಲ್ಲ, ಭಾಗಿಸುವುದಿಲ್ಲ. ಆದ್ದರಿಂದ ಮೂಲ ನಕ್ಷೆಯಲ್ಲಿ ಇಲ್ಲದ ಅಂಕಿ ಹೊಸ ನಕ್ಷೆಯಲ್ಲಿ ಹುಟ್ಟುವುದಕ್ಕೆ ದಾರಿಯೇ ಇಲ್ಲ. ಕೆರೆಯಂಚಿನ ಆ ನೂರು ಚೌಕಗಳಲ್ಲಿ ಪ್ರತಿಯೊಂದೂ ಹೊಲವಾಗುತ್ತದೆ, ಇಲ್ಲವೇ ನೀರಾಗುತ್ತದೆ. ಕೆಲವು ಕಡೆ ನೀರು ಸ್ವಲ್ಪ ಮುಂದೆ ಬರುತ್ತದೆ, ಕೆಲವು ಕಡೆ ಹಿಂದೆ ಸರಿಯುತ್ತದೆ, ಒಟ್ಟು ವಿಸ್ತೀರ್ಣದಲ್ಲಿ ಇವು ಬಹುಮಟ್ಟಿಗೆ ಒಂದನ್ನೊಂದು ಸರಿದೂಗಿಸಿಕೊಳ್ಳುತ್ತವೆ. ಗಡಿ ನೆಲದ ಮೇಲೆ ಸರಿಯಬಹುದು, ಆದರೆ ಗಡಿಯ ಎರಡೂ ಬದಿಗೆ ಇರುವ ವಸ್ತುಗಳ ಹೆಸರು ಕೆಡುವುದಿಲ್ಲ. ಭೂಹೊದಿಕೆಯ ವರ್ಗಗಳಿಗೆ ಇದೇ ವಿಧಾನ ಹೊಂದುವುದು ಈ ಒಂದು ಕಾರಣಕ್ಕೆ.

ಕೆರೆಯಂಚಿನ ಹಿಮ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ ಎಂದು ನೀವು ಹೇಳಬಹುದು. ನಿಜ. ಮಲೆನಾಡಿನಲ್ಲಿ ತಪ್ಪು ಇನ್ನೂ ಬೇಗ ಸಿಗುತ್ತದೆ. ಅಲ್ಲಿ ನೀರಿನ ಅಂಚಿಗೆ ಕಾಡು. ಮರದ 10, ನೀರಿನ 80 ಸಮವಾಗಿ ಬೆರೆತರೆ 45. ಹಾಗೊಂದು ವರ್ಗವೇ ಪಟ್ಟಿಯಲ್ಲಿಲ್ಲ, ನಕ್ಷೆಯಲ್ಲಿ ಆ ಚೌಕಕ್ಕೆ ಬಣ್ಣವೇ ಬರುವುದಿಲ್ಲ. ಕಷ್ಟ ಬರುವುದು ತಪ್ಪು ಉತ್ತರ ನಂಬುವ ಹಾಗಿರುವಾಗ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚನ್ನು ನೋಡಿ. ಒಳಗೆ ಮರ, ಅಂದರೆ 10. ಹೊರಗೆ ಕಟ್ಟಡ, ಅಂದರೆ 50. ಎರಡೆರಡು ಚೌಕ ಸಮವಾಗಿ ಬೆರೆತ ಕಡೆ ಸರಾಸರಿ 30, ಹುಲ್ಲುಗಾವಲು. ಮೂರು ಮರ, ಒಂದು ಕಟ್ಟಡವಿದ್ದ ಕಡೆ 20, ಕುರುಚಲು. ಒಂದು ಮರ, ಮೂರು ಕಟ್ಟಡವಿದ್ದ ಕಡೆ 40, ಬೇಸಾಯದ ನೆಲ. ಉದ್ಯಾನದ ಅಂಚಿನಲ್ಲಿ ಒಂದಿಷ್ಟು ಹುಲ್ಲು, ಒಂದಿಷ್ಟು ಕುರುಚಲು ಕಂಡರೆ ಯಾರು ಅನುಮಾನಿಸುತ್ತಾರೆ? ಸಹಜವಾಗಿಯೇ ಇದೆ ಎನಿಸುತ್ತದೆ. ಕಸ್ತೂರಬಾ ರಸ್ತೆಯ ಬದಿಯಲ್ಲಿ ಬೇಸಾಯ ನಡೆಯುತ್ತಿದೆ ಎಂಬ ಚುಕ್ಕೆಗಳನ್ನು ನಗರದ ಉದ್ದಗಲಕ್ಕೂ ಕೂಡಿಸಿ, ಅಷ್ಟು ಹೆಕ್ಟೇರ್ ಕೃಷಿ ಭೂಮಿ ಎಂದು ಕೋಷ್ಟಕದಲ್ಲಿ ಬರೆದುಬಿಟ್ಟರೆ, ಆಮೇಲೆ ಅದನ್ನು ಹುಡುಕಿ ತೆಗೆಯುವುದು ಬಹಳ ಕಷ್ಟ. ಹಿಮಕ್ಕಿಂತ ಈ ಹುಲ್ಲುಗಾವಲಿಗೇ ನಾನು ಹೆಚ್ಚು ಹೆದರುತ್ತೇನೆ.

ಇದನ್ನು ಪತ್ತೆ ಮಾಡುವ ಉಪಾಯ ಇದೆ. ರೀಸ್ಯಾಂಪ್ಲಿಂಗ್‌ಗೆ ಮುಂಚೆ ಒಂದು ಸಲ, ನಂತರ ಇನ್ನೊಂದು ಸಲ, ನಕ್ಷೆಯಲ್ಲಿ ಯಾವ ಯಾವ ಅಂಕಿ ಎಷ್ಟು ಚೌಕಗಳಲ್ಲಿ ಇದೆ ಎಂದು ಎಣಿಸಿ ಪಟ್ಟಿ ಮಾಡಬೇಕು. ಉಚಿತ ಜಿಐಎಸ್ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಇದಕ್ಕೆ Raster layer unique values report ಎಂಬ ಉಪಕರಣವಿದೆ. ಮೊದಲ ಪಟ್ಟಿಯಲ್ಲಿ ಇಲ್ಲದ ಅಂಕಿ ಎರಡನೆಯದರಲ್ಲಿ ಬಂದಿದ್ದರೆ ಅಲ್ಲಿಗೆ ತೀರ್ಮಾನ, ಎಲ್ಲೋ ಸರಾಸರಿ ನಡೆದಿದೆ. ಅಂಕಿಗಳೆಲ್ಲ ಪಟ್ಟಿಯವೇ ಆಗಿದ್ದರೆ ಒಂದೊಂದು ವರ್ಗದ ವಿಸ್ತೀರ್ಣವನ್ನು ಹೋಲಿಸಬೇಕು. ಯಾವುದೋ ಸಣ್ಣ ವರ್ಗ ದಿಢೀರನೆ ಬೆಳೆದಿದ್ದರೆ ಅದನ್ನು ನಕ್ಷೆಯ ಮೇಲೆ ನೋಡಬೇಕು. ಅದು ಬೇರೆ ಎರಡು ವರ್ಗಗಳ ಗಡಿಯುದ್ದಕ್ಕೂ ಒಂದು ಚೌಕ ಅಗಲದ ಗೆರೆಯಾಗಿ ಹರಿದಿದ್ದರೆ ಅದು ನೆಲದ ಮೇಲಿನ ವಸ್ತುವಲ್ಲ. ನಿಜವಾದ ಹುಲ್ಲುಗಾವಲು ಅಷ್ಟು ಶಿಸ್ತಾಗಿ ಗಡಿ ಕಾಯುವುದಿಲ್ಲ.

ತಪ್ಪು ನುಸುಳುವ ಇನ್ನೊಂದು ಕಿಂಡಿ ಅನೇಕರ ಗಮನಕ್ಕೆ ಬರುವುದಿಲ್ಲ. ದೊಡ್ಡ ರಾಸ್ಟರನ್ನು ಪರದೆಯ ಮೇಲೆ ದೂರದಿಂದ ನೋಡುವಾಗ ಬೇಗ ತೋರಿಸಲೆಂದು ತಂತ್ರಾಂಶಗಳು ಮೊದಲೇ ದೊರಗು ಪ್ರತಿಗಳನ್ನು ಮಾಡಿಟ್ಟುಕೊಳ್ಳುತ್ತವೆ. ಪಿರಮಿಡ್ ಎಂದು ಅವುಗಳ ಹೆಸರು. ಅವನ್ನು ತಯಾರಿಸುವುದೂ ರೀಸ್ಯಾಂಪ್ಲಿಂಗೇ. ಗೂಗಲ್ ಅರ್ತ್ ಇಂಜಿನ್‌ಗೆ ನಮ್ಮದೇ ಭೂಹೊದಿಕೆ ನಕ್ಷೆಯನ್ನು ಏರಿಸುವಾಗ ಪಿರಮಿಡ್ ವಿಧಾನ ತಾನಾಗಿ MEAN ಎಂದು ಇರುತ್ತದೆ, ಅಂದರೆ ಸರಾಸರಿ. ಅದನ್ನು MODE ಅಥವಾ SAMPLE ಎಂದು ನಾವೇ ಬದಲಿಸಬೇಕು. ಬದಲಿಸದಿದ್ದರೆ ಹತ್ತಿರದಿಂದ ನೋಡಿದಾಗ ನಕ್ಷೆ ಸರಿಯಾಗಿರುತ್ತದೆ, ಹಿಂದೆ ಸರಿದಾಗ ಕೆಡುತ್ತದೆ. ಆ ದೂರದ ಅಳತೆಯಲ್ಲೇ ವಿಸ್ತೀರ್ಣದ ಲೆಕ್ಕ ಮಾಡಿದರೆ ಕೆಟ್ಟ ಅಂಕಿಗಳೇ ಲೆಕ್ಕಕ್ಕೆ ಸೇರುತ್ತವೆ.

ನಿಯರೆಸ್ಟ್ ನೇಬರ್ ವರ್ಗಗಳನ್ನು ಕೆಡಿಸುವುದಿಲ್ಲ ಎಂದರೆ ಅದಕ್ಕೆ ದೋಷವೇ ಇಲ್ಲ ಎಂದಲ್ಲ. ಹತ್ತು ಮೀಟರಿನಿಂದ ನೂರು ಮೀಟರಿಗೆ ಹೋದರೆ ನೂರು ಹಳೆಯ ಚೌಕಗಳಲ್ಲಿ ಒಂದನ್ನು ಮಾತ್ರ ಅದು ನೋಡುತ್ತದೆ, ತೊಂಬತ್ತೊಂಬತ್ತನ್ನು ಬಿಟ್ಟುಬಿಡುತ್ತದೆ. ಇಪ್ಪತ್ತು ಮೀಟರ್ ಅಗಲದ ಒಂದು ಹೊಳೆ ಹೊಲಗಳ ನಡುವೆ ಓರೆಯಾಗಿ ಹತ್ತು ಕಿಲೋಮೀಟರ್ ಹರಿದಿದೆ ಎನ್ನಿ. ಅದರ ವಿಸ್ತೀರ್ಣ ಇಪ್ಪತ್ತು ಹೆಕ್ಟೇರ್. ನೂರು ಮೀಟರಿನ ಒಂದು ಚೌಕ ಒಂದು ಹೆಕ್ಟೇರ್ ಆದ್ದರಿಂದ ನಿಯರೆಸ್ಟ್ ನೇಬರ್ ಸುಮಾರು ಇಪ್ಪತ್ತು ಚೌಕಗಳಿಗೆ ನೀರು ಎಂದು ಬರೆಯುತ್ತದೆ. ಒಟ್ಟು ವಿಸ್ತೀರ್ಣ ಹೆಚ್ಚುಕಮ್ಮಿ ಉಳಿಯಿತು. ಆದರೆ ಹೊಳೆ ಉಳಿಯಲಿಲ್ಲ. ಅದು ಒಂದಕ್ಕೊಂದು ತಾಗದ ಇಪ್ಪತ್ತು ಚುಕ್ಕೆಗಳಾಗಿ ಹರಿದುಹೋಯಿತು.

ಹಾಗಾದರೆ ಚೌಕದೊಳಗೆ ಯಾವ ವರ್ಗ ಹೆಚ್ಚಿದೆಯೋ ಅದನ್ನೇ ಕೊಡುವ ವಿಧಾನವೂ ಇದೆಯಲ್ಲ ಎಂದರೆ, ಇದೆ. ಕೆಲವು ತಂತ್ರಾಂಶಗಳು ಅದನ್ನು ಮೋಡ್ ಎನ್ನುತ್ತವೆ, ಕೆಲವು ಮೆಜಾರಿಟಿ ಎನ್ನುತ್ತವೆ. ಅದೂ ಹೊಸ ಅಂಕಿ ಸೃಷ್ಟಿಸುವುದಿಲ್ಲ, ನೋಡಲು ನಕ್ಷೆ ಅಚ್ಚುಕಟ್ಟಾಗಿರುತ್ತದೆ. ಆದರೆ ಅದೇ ಹೊಳೆಗೆ ಇದನ್ನು ಬಳಸಿ ನೋಡಿ. ಇಪ್ಪತ್ತು ಮೀಟರಿನ ನೀರಿನ ಪಟ್ಟಿ ನೂರು ಮೀಟರಿನ ಚೌಕವನ್ನು ಮೂಲೆಯಿಂದ ಮೂಲೆಗೆ ದಾಟಿದರೂ ಅದರ ಕಾಲುಭಾಗಕ್ಕಿಂತ ತುಸು ಹೆಚ್ಚನ್ನಷ್ಟೇ ತುಂಬುತ್ತದೆ. ಉಳಿದದ್ದು ಹೊಲ. ಪ್ರತಿ ಚೌಕದಲ್ಲೂ ಹೊಲವೇ ಗೆಲ್ಲುತ್ತದೆ, ಹತ್ತು ಕಿಲೋಮೀಟರ್ ಹೊಳೆ ಒಂದು ಚೌಕವನ್ನೂ ಉಳಿಸದೆ ಮಾಯವಾಗುತ್ತದೆ. ರಸ್ತೆ, ಕಾಲುವೆ, ಹೊಳೆ, ಹೊಲದ ನಡುವಿನ ತೋಪು, ಹೀಗೆ ಕಿರಿದಾದದ್ದು, ಚದುರಿದ್ದು ಎಲ್ಲ ಸೋಲುತ್ತವೆ. ದೊಡ್ಡ ವರ್ಗಗಳು ಇನ್ನಷ್ಟು ದೊಡ್ಡದಾಗುತ್ತವೆ. ಗೋಡೆಗೆ ತೂಗುಹಾಕುವ ನಕ್ಷೆಗೆ ಮೋಡ್ ಒಳ್ಳೆಯದು. ವಿಸ್ತೀರ್ಣ ಎಣಿಸಬೇಕಾದ ಕೆಲಸಕ್ಕೆ ನಾನು ನಿಯರೆಸ್ಟ್ ನೇಬರನ್ನೇ ಆರಿಸುತ್ತೇನೆ, ನಕ್ಷೆ ಸ್ವಲ್ಪ ಉದುರುದುರಾಗಿ ಕಂಡರೂ ಪರವಾಗಿಲ್ಲ.

ಬಹಳ ದೊರಗು ಮಾಡಬೇಕಾದಾಗ, ಅಂದರೆ ಒಂದು ಕಿಲೋಮೀಟರಿಗೋ ಅದಕ್ಕಿಂತ ಹೆಚ್ಚಿಗೋ ಹೋಗುವಾಗ, ಎರಡೂ ಬೇಡ. ಪ್ರತಿ ವರ್ಗಕ್ಕೂ ಒಂದು ಪ್ರತ್ಯೇಕ ನಕ್ಷೆ ಮಾಡಿ, ಆ ವರ್ಗ ಇರುವ ಚೌಕಕ್ಕೆ 1, ಇಲ್ಲದ ಚೌಕಕ್ಕೆ 0 ಕೊಟ್ಟು ಅದರ ಸರಾಸರಿ ತೆಗೆಯುವುದು ಒಳ್ಳೆಯದು. ನೀರಿನ ನಕ್ಷೆಯಲ್ಲಿ 0.2 ಬಂದರೆ ಆ ದೊಡ್ಡ ಚೌಕದ ನೂರಕ್ಕೆ ಇಪ್ಪತ್ತು ಪಾಲು ನೀರು ಎಂದು ಅರ್ಥ. ಸರಾಸರಿ ಇಲ್ಲಿ ನ್ಯಾಯವಾದದ್ದು, ಏಕೆಂದರೆ ಈಗ ಆ ಅಂಕಿ ಹೆಸರಲ್ಲ, ಪ್ರಮಾಣ.

ಮತ್ತೊಂದು ಸಣ್ಣ ವಿಷಯ ಕೆಲಸ ಮಾಡುವವರಿಗೆ ಉಪಯೋಗವಾದೀತು. ಹತ್ತರಿಂದ ಇಪ್ಪತ್ತು ಮೀಟರಿಗೆ ಹೋದಾಗ ಹೊಸ ಚೌಕದ ನಡುಬಿಂದು ಹಳೆಯ ನಾಲ್ಕು ಚೌಕಗಳು ಕೂಡುವ ಮೂಲೆಯ ಮೇಲೆಯೇ ಬೀಳುತ್ತದೆ. ನಾಲ್ಕೂ ಸಮಾನ ದೂರ. ತಂತ್ರಾಂಶ ಪ್ರತಿ ಸಲವೂ ಒಂದೇ ಮೂಲೆಯದನ್ನು ಆರಿಸಿಕೊಂಡರೆ ಇಡೀ ನಕ್ಷೆ ಐದು ಮೀಟರ್ ಅತ್ತಲೋ ಇತ್ತಲೋ ಸರಿದಂತಾಗುತ್ತದೆ. ಮೂವತ್ತು ಮೀಟರಿಗೆ ಹೋದರೆ ಈ ಕಿರಿಕಿರಿ ಇಲ್ಲ, ಒಂಬತ್ತರ ನಡುವೆ ಸ್ಪಷ್ಟವಾಗಿ ಒಂದು ಚೌಕ ಇದೆ. ಹಾಗಾಗಿ ಆಯ್ಕೆ ನಮ್ಮ ಕೈಯಲ್ಲಿದ್ದರೆ ಎರಡು ಪಟ್ಟಿಗಿಂತ ಮೂರು ಪಟ್ಟು ವಾಸಿ. ಹಿಮ್ಮುಖವಾಗಿ, ಮೂವತ್ತನ್ನು ಹತ್ತಕ್ಕೆ ಇಳಿಸಿದರೆ ಒಂದು ಚೌಕ ಒಂಬತ್ತು ಒಂದೇ ತೆರನ ಚೌಕಗಳಾಗುತ್ತದೆ ಅಷ್ಟೆ. ಫೈಲು ದೊಡ್ಡದಾಗುತ್ತದೆ, ವಿವರ ಹೆಚ್ಚುವುದಿಲ್ಲ.

ರೆಸಲ್ಯೂಷನ್ ಬದಲಿಸದೆ ನಕ್ಷೆಯ ಪ್ರಕ್ಷೇಪವನ್ನು ಮಾತ್ರ ಬದಲಿಸಿದಾಗಲೂ ರೀಸ್ಯಾಂಪ್ಲಿಂಗ್ ನಡೆಯುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ವರ್ಲ್ಡ್‌ಕವರ್ ಸಿಗುವುದು ಅಕ್ಷಾಂಶ ರೇಖಾಂಶದ ಡಿಗ್ರಿಗಳಲ್ಲಿ. ಒಂದು ಚೌಕ ಡಿಗ್ರಿಯ 12,000ದಲ್ಲಿ ಒಂದು ಭಾಗ, ನಮ್ಮ ಕಡೆ ಸುಮಾರು ಒಂಬತ್ತು ಮೀಟರ್. ಅದನ್ನು ಮೀಟರಿಗೆ ತಂದಾಗ ಒಮ್ಮೆ, ಮೂವತ್ತಕ್ಕೆ ಏರಿಸಿದಾಗ ಮತ್ತೊಮ್ಮೆ, ಎತ್ತರದ ನಕ್ಷೆಗೆ ಹೊಂದಿಸಿದಾಗ ಇನ್ನೊಮ್ಮೆ ಎಂದು ಮೂರು ಸಲ ಮಾಡಿದರೆ ಪ್ರತಿ ಸಲವೂ ಗಡಿ ಅರ್ಧ ಚೌಕದವರೆಗೆ ಸರಿಯಬಹುದು. ಮೂಲ ಫೈಲಿನಿಂದ ಒಂದೇ ಹೆಜ್ಜೆಯಲ್ಲಿ ಮುಗಿಸುವುದು ಸರಿ. ಜಿಡಿಎಎಲ್ ಎಂಬ ಉಚಿತ ತಂತ್ರಾಂಶದಲ್ಲಿ ಕೋಲಾರ ಪಟ್ಟಣದ ಸುತ್ತಿನ ನಕ್ಷೆಗೆ ಆದೇಶ ಹೀಗಿರುತ್ತದೆ:

```
gdalwarp -t_srs EPSG:32644 -tr 30 30 -tap -r near worldcover.tif kolar_30m.tif
```

ಇಲ್ಲಿ `-tr 30 30` ಎಂದರೆ ಮೂವತ್ತು ಮೀಟರ್ ಚೌಕ. `-tap` ಎಂದರೆ ಚೌಕಗಳ ಅಂಚು ಮೂವತ್ತರ ಗುಣಕಗಳ ಮೇಲೆಯೇ ಕೂರಲಿ ಎಂದು. ಎತ್ತರದ ನಕ್ಷೆಯನ್ನೂ ಇದೇ `-t_srs` ಮತ್ತು ಈ ಎರಡು ಸೂಚನೆಗಳೊಂದಿಗೆ, ಆದರೆ `-r bilinear` ಎಂದು ಬದಲಿಸಿ ಓಡಿಸಿದರೆ ಎರಡರ ಚೌಕಗಳೂ ಒಂದರ ಮೇಲೊಂದು ಕೂರುತ್ತವೆ. `-r near` ಬರೆಯದಿದ್ದರೂ ಈ ತಂತ್ರಾಂಶ ನಿಯರೆಸ್ಟ್ ನೇಬರನ್ನೇ ಬಳಸುತ್ತದೆ. ಆದರೂ ಬರೆದೇ ಇಡುವುದು ಒಳ್ಳೆಯದು, ನಾಳೆ ಓದುವವರಿಗೆ ಗೊತ್ತಾಗಲಿ. 32644 ಎಂಬುದು 78 ಡಿಗ್ರಿ ಪೂರ್ವದಿಂದ ಆರಂಭವಾಗುವ ವಲಯದ ಗುರುತು. ಬೆಂಗಳೂರಿಗೆ 32643 ಹಾಕಬೇಕು.

ಯಾವ ವಿಧಾನ ಹಿಡಿದರೂ ಮೂಲ ನಕ್ಷೆಯ ತಪ್ಪು ತಿದ್ದಿಹೋಗುವುದಿಲ್ಲ. ವರ್ಲ್ಡ್‌ಕವರ್ ತಯಾರಿಸಿದವರೇ ಹೇಳಿರುವಂತೆ ಅದರ ಒಟ್ಟಾರೆ ನಿಖರತೆ 2020ರ ಆವೃತ್ತಿಯಲ್ಲಿ ಶೇ. 74.4, 2021ರದರಲ್ಲಿ ಶೇ. 76.7. ಅಂದರೆ ನಾಲ್ಕು ಚೌಕಗಳಲ್ಲಿ ಸುಮಾರು ಒಂದು ಮೊದಲೇ ತಪ್ಪಿರಬಹುದು. ಅದರ ಮೇಲೆ ನಾವು ಇನ್ನೊಂದು ತಪ್ಪನ್ನು ಹೇರಬಾರದು. ನಿಮ್ಮ ಊರಿನ ಭೂಹೊದಿಕೆಯ ನಕ್ಷೆಯನ್ನೋ ಕೋಷ್ಟಕವನ್ನೋ ಯಾರಾದರೂ ಕೈಗಿತ್ತರೆ ಮೂಲ ಯಾವುದು, ಅದರ ಚೌಕ ಎಷ್ಟು ಮೀಟರಿನದು, ಬದಲಿಸಿದ್ದು ಯಾವ ವಿಧಾನದಿಂದ ಎಂಬ ಮೂರನ್ನು ಕೇಳಿ. ನೀವೇ ತಯಾರಿಸುವವರಾದರೆ ಈ ಮೂರನ್ನೂ ನಕ್ಷೆಯ ಮೂಲೆಯಲ್ಲಿ ಬರೆದುಕೊಡಿ.